ಬೊಂಡಕ್ಕೆ ಎರಡು ಅರ್ಥ

ದೇವಕಿಯಮ್ಮ ಹಲಸಿನ ತೊಳೆ ಬಿಡಿಸುತ್ತಿದ್ದಾಗ, ವೃದ್ಧರ ಬುದ್ಧಿಶಕ್ತಿಯ ಅಧ್ಯಯನಕ್ಕೆಂದು ಸಮನ್ವಿತಾ ಮೈಸೂರಿನಿಂದ ದಕ್ಷಿಣ ಕನ್ನಡದ ಪೆರಾಬೆಗೆ ಬಂದಳು. ತನಗೆ ಮರೆವಿನ ರೋಗವೇ ಇರಬೇಕೆಂದು ಹೆದರಿದ್ದ ಅಜ್ಜಿ ಮೇಣದ ಕೈ ಒರೆಸಿಕೊಂಡು ಕುಳಿತರು. ಮೊದಲ ಪರೀಕ್ಷೆಯಲ್ಲಿ ಅಂಕಿಗೆ ಚಿಹ್ನೆ ಹೊಂದಿಸುತ್ತಿದ್ದಂತೆ ಅರ್ಧಕ್ಕೇ ಸಮಯ ಮುಗಿದು, ಅವರ ಮುಖ ಬಾಡಿತು.

ಮುಂದಿನದು ಶಬ್ದಾರ್ಥ. “ಬೊಂಡ ಅಂದರೆ?”

“ನಮ್ಮಲ್ಲಿ ಎಳನೀರು. ನಿಮ್ಮ ಘಟ್ಟದ ಮೇಲೆ ಎಣ್ಣೆಯಲ್ಲಿ ಕರಿಯುದು. ಎರಡೂ ಬರ್ಕೊ ಮಾರಾಯ್ತಿ!”

ಸಮನ್ವಿತಾ ನಕ್ಕಳು. “ಈ ವಯಸ್ಸಿಗೆ ಇಷ್ಟು ನಿಧಾನ ಸಹಜ ಅಜ್ಜಿ. ಮಿದುಳಿನ ಭಾಗಗಳನ್ನು ಜೋಡಿಸುವ ನರತಂತುಗಳ ಹೊದಿಕೆ ಸವೆದು, ಸಂದೇಶ ತಡವಾಗುತ್ತದೆ. ಕಲಿತದ್ದು ಉಳಿಯುತ್ತದೆ.”

ಅಜ್ಜಿಯ ಮುಖ ಅರಳಿತು. ಪಕ್ಕದಲ್ಲಿ ಶಾಲೆಯ ಪುಸ್ತಕ ಹಿಡಿದು ಕುಳಿತಿದ್ದ ಮೊಮ್ಮಗಳು ಚಿನ್ಮಯೀ ಕೇಳಿದಳು:

“ಅಕ್ಕ, ನಂಗೆ ವೇಗ ಉಂಟು, ಅಜ್ಜಿಗೆ ಉತ್ತರ ಗೊತ್ತುಂಟು. ಶಾಲೆಯ ಪರೀಕ್ಷೆಗೆ ಅಜ್ಜಿಯನ್ನು ಕರ್ಕೊಂಡು ಹೋಗ್ಬಹುದಾ?”