ಒಂದೇ ರಿಪೋರ್ಟಿನ ತೀರ್ಪು

ನಮ್ಮ ಡಾಕ್ಟರು ಎಲ್ಲರೆದುರು ನನ್ನನ್ನು ತಂಗಿ ಎಂದೇ ಕರೆಯುವುದು. ಅವರ ಕ್ಲಿನಿಕ್ಕಿಗೆ ನಾನೊಬ್ಬಳೇ ನರ್ಸ್, ಇಂಜೆಕ್ಷನ್ ಕೋಣೆ ನನ್ನ ರಾಜ್ಯ. ನಲವತ್ತಾರಕ್ಕೆ ಕಾಲಿಟ್ಟೆನೋ ಇಲ್ಲವೋ, ತಲೆ ಕೆಟ್ಟು ಕೆರ ಹಿಡಿಯಿತು. ಮುಟ್ಟು ಒಮ್ಮೆ ಬೇಗ, ಒಮ್ಮೆ ಎರಡು ತಿಂಗಳಾದರೂ ಪತ್ತೆ ಇಲ್ಲ. ಬೆವರಿ ನಿದ್ದೆಗೆಡುವುದು, ಬೆಳಗಾದರೆ ಕಂಡಕಂಡವರ ಮೇಲೆ ಹರಿಹಾಯುವುದು. ಇಂಜೆಕ್ಷನ್ನಿಗೆ ಬಂದ ಅಜ್ಜರೊಬ್ಬರನ್ನು ಗದರಿದೆ, ಅವರ ಮಗ ದೂರು ಕೊಟ್ಟ.

ಡಾಕ್ಟರು ಒಮ್ಮೆ ರಕ್ತ ತೆಗೆಸಿ ನೋಡಿದರು. "ಹಾರ್ಮೋನ್ ನಾರ್ಮಲ್ ಇದೆ ತಂಗಿ. ಮುಟ್ಟು ನಿಲ್ಲೋ ಲಕ್ಷಣ ಅಲ್ಲ ಇದು. ಸಿಟ್ಟು ನಿನ್ನ ಸ್ವಭಾವ, ಹತೋಟೀಲಿಟ್ಕೋ."

ನಿದ್ದೆ ಮಾತ್ರೆ ಬರೆದುಕೊಟ್ಟು, ನನ್ನನ್ನು ಟೋಕನ್ ಕೊಡುವ ಮೇಜಿಗೆ ಕೂರಿಸಿದರು. ಅವರು ಹೇಳಿದ ಮೇಲೆ ಮುಗಿಯಿತು, ನಾನೇ ಕೆಟ್ಟವಳು ಎಂದು ನಂಬಿದೆ. ಬದುಕಿ ಏನಾಗಬೇಕು ಎಂದು ಒಂದು ದಿನ ಬಾಯಿಬಿಟ್ಟಾಗ ನಾದಿನಿ ಕೈಹಿಡಿದು ಸ್ತ್ರೀರೋಗ ತಜ್ಞೆಯ ಹತ್ತಿರ ಎಳೆದೊಯ್ದಳು.

ಆಕೆ ಅವಸರಪಡಲಿಲ್ಲ. ಮುಟ್ಟು, ಬೆವರು, ನಿದ್ದೆ, ಹೆರಿಗೆಯಾದ ಮೇಲೆ ಮಂಕಾಗಿದ್ದೆನೇ, ಸಾಯುವ ಯೋಚನೆ ಎಷ್ಟು ಗಟ್ಟಿ, ಎಲ್ಲ ಕೇಳಿದರು. ಬಿಪಿ ನೋಡಿ, ಥೈರಾಯ್ಡಿಗೂ ರಕ್ತಹೀನತೆಗೂ ಪರೀಕ್ಷೆ ಬರೆದರು.

"ಈ ವಯಸ್ಸಲ್ಲಿ ಹಾರ್ಮೋನ್ ಇವತ್ತೊಂದು ಥರ, ನಾಳೆ ಒಂದು ಥರ. ಒಂದು ರಿಪೋರ್ಟ್ ನೋಡಿ ಇಲ್ಲ ಅನ್ನೋಕಾಗಲ್ಲ. ಇದು ಮುಟ್ಟು ನಿಲ್ಲೋ ಕಾಲದ್ದೇ ಅನ್ನೋಕೆ ನೀವು ಹೇಳಿದ್ದೇ ಸಾಕು. ಸ್ತನದ ಕ್ಯಾನ್ಸರು, ರಕ್ತ ಹೆಪ್ಪುಗಟ್ಟಿದ್ದು ಏನೂ ಇಲ್ಲ ಅಂದ್ರಲ್ಲ, ಹಾಗಾದ್ರೆ ಈಸ್ಟ್ರೋಜನ್ ಹಾರ್ಮೋನಿನ ಪಟ್ಟಿ ಚರ್ಮಕ್ಕೆ ಅಂಟಿಸ್ಕೋಬಹುದು. ಗರ್ಭಕೋಶ ಇರೋದ್ರಿಂದ ಜೊತೆಗೆ ಪ್ರೊಜೆಸ್ಟರಾನ್ ಬೇಕೇ ಬೇಕು. ಆದ್ರೆ ಮೊದಲು ಮನೋವೈದ್ಯರನ್ನ ನಾಳೇನೇ ನೋಡಿ. ಖಿನ್ನತೆ ಮಾತ್ರೇನೂ ಬೇಕಾಗಬಹುದು, ಆಪ್ತಸಲಹೇನೂ ಬೇಕು. ಅಲ್ಲೀವರೆಗೂ ಒಬ್ಬರೇ ಇರಬೇಡಿ, ಆ ನಿದ್ದೆ ಮಾತ್ರೆ ನಾದಿನಿ ಕೈಗೆ ಕೊಡಿ."

ಹೊರಗೆ ಬೆಂಚಿನ ಮೇಲೆ ನಮ್ಮ ಡಾಕ್ಟರ ಹೆಂಡತಿ ಕೂತಿದ್ದರು. ನನ್ನ ಮುಖ ನೋಡಿ ಪಕ್ಕಕ್ಕೆ ಕರೆದರು.

"ನಿಂಗೂ ಶುರುವಾಯ್ತಾ? ಭಯಪಡಬೇಡ ಕಣೇ. ಹೋದ ವರ್ಷ ನಂಗೂ ಹೀಗೇ ಆಗಿ ಅಳ್ತಾ ಕೂತಿದ್ದೆ. ನಮ್ಮ ಯಜಮಾನ್ರೇ ಇಲ್ಲಿಗೆ ಕರ್ಕೊಂಡ್ಬಂದ್ರು. ಹಾರ್ಮೋನ್ ಟೆಸ್ಟ್ ಮಾಡಿಸಿ ಅಂತ ನಾನಂದ್ರೆ, ಈ ವಯಸ್ಸಲ್ಲಿ ಆ ಟೆಸ್ಟ್ ನಂಬೋ ಹಾಗಿಲ್ಲ ಅಂತ ಅವರೇ ಅಂದ್ರು."

ಗೊತ್ತಿಲ್ಲದೆ ತಪ್ಪಿದ್ದರೆ ಕ್ಷಮಿಸಬಹುದಿತ್ತು. ಡಾಕ್ಟರಿಗೆ ಎಲ್ಲ ಗೊತ್ತಿತ್ತು. ನಂಬಿದವರೇ ಕತ್ತು ಕೊಯ್ದರು ಎನ್ನುತ್ತಾರಲ್ಲ, ಅದು ಮಾತಿಗೆ ಹೇಳುವುದಲ್ಲ.

ಮನೋವೈದ್ಯರನ್ನು ಕಂಡ ಮೇಲೆ ಕ್ಲಿನಿಕ್ಕಿಗೆ ಹೋಗಿ, ಹೆಂಡತಿಗೊಂದು ನನಗೊಂದು ಯಾಕೆ ಎಂದು ಕೇಳಿದೆ. ಡಾಕ್ಟರು ಸ್ಟೆತಸ್ಕೋಪನ್ನು ಮಡಿಸಿ ಬಿಡಿಸಿ ಮಾಡಿದರು.

"ಅವಳು ಅಳ್ತಿದ್ದಳು, ಕಾಯಿಲೆ ಅಂತ ಗೊತ್ತಾಯ್ತು. ನೀನು ಎಲ್ಲರ ಮೇಲೂ ಕಿರುಚ್ತಿದ್ದೆ ತಂಗಿ."

"ನಾನೂ ಅಳ್ತಿದ್ದೆ ಡಾಕ್ಟ್ರೇ," ಎಂದೆ. "ಇಂಜೆಕ್ಷನ್ ರೂಮಿನ ಬಾಗಿಲು ಹಾಕ್ಕೊಂಡು. ನಿಮ್ಮ ಪೇಷಂಟ್‌ಗಳು ಗಾಬರಿಯಾಗಬಾರದು ಅಂತ."