ಬಲಗಡೆಯ ಬಿಳುಪು

ಹಲ್ಲಿನ ಆಸ್ಪತ್ರೆಯ ಕುರ್ಚಿಯಲ್ಲಿ ಒರಗಿದ್ದವಳ ಬಾಯಿಗೆ ಡಾಕ್ಟರಮ್ಮ ನೀಲಿ ರಬ್ಬರ್ ಹಾಳೆಯೊಂದನ್ನು ಬಿಗಿದರು. ಹಾಳೆಯ ತೂತುಗಳಿಂದ ಮೇಲುಸಾಲಿನ ಮುಂದಿನ ಹಲ್ಲುಗಳಷ್ಟೇ ಹೊರಗೆ ಬಂದವು. ತುಟಿ, ವಸಡು, ನಾಲಿಗೆ ಎಲ್ಲವೂ ಹಿಂದೆ ಉಳಿದವು. ಇನ್ನು ಮಾತಾಡಲಾಗದು ಎಂದು ಗೊತ್ತಾದಾಗ ಅವಳಿಗೆ ಒಂಥರಾ ನಿರಾಳವೇ ಆಯಿತು. ಮಾತಾಡುವುದೇ ಅವಳ ಕೆಲಸ. ಬಸ್ ನಿಲ್ದಾಣದ ಮೂಲೆಯ ಗೂಡಿನಲ್ಲಿ ಕೂತು, ಯಾವ ಬಸ್ಸು ಎಲ್ಲಿ ನಿಂತಿದೆ ಎಂದು ದಿನವಿಡೀ ಕೂಗುವವಳು. ಕಾಲನಿಯವರು ಅವಳಿಗೆ ಇಟ್ಟ ಹೆಸರು ಮೈಕಮ್ಮ. ಊರಿಗೆಲ್ಲ ಅವಳ ದನಿ ಗೊತ್ತು, ಮುಖ ಯಾರಿಗೂ ಗೊತ್ತಿಲ್ಲ. ವಿಚಾರಣೆ ಕೌಂಟರಿಗೆ ಹಾಕಿ ಎಂದು ಕೇಳಿದಾಗ ಮ್ಯಾನೇಜರು ಅವಳ ಬಾಯನ್ನೇ ಒಂದು ಗಳಿಗೆ ನೋಡಿ, ಮೊದಲು ಹಲ್ಲು ಸರಿಮಾಡಿಸಿಕೊಂಡು ಬಾ, ಆಮೇಲೆ ನೋಡೋಣ ಎಂದಿದ್ದರು.

ಡಾಕ್ಟರಮ್ಮ ಒರಟು ಪುಡಿ ಬೆರೆಸಿದ ಆ್ಯಸಿಡ್ ಲೇಪವನ್ನು ಒಂದೊಂದೇ ಹಲ್ಲಿಗೆ ಹಚ್ಚಿ, ಪುಟ್ಟ ರಬ್ಬರ್ ಬಟ್ಟಲಿನಿಂದ ನಿಧಾನವಾಗಿ ತಿಕ್ಕಿದರು. ತೊಳೆದರು, ನೋಡಿದರು, ಮತ್ತೆ ಹಚ್ಚಿದರು. ಬಲಗಡೆ ಮುಗಿಯುವಷ್ಟರಲ್ಲಿ ಹೊರಗೆ ಕಾಯುತ್ತಿದ್ದವರ ಗಲಾಟೆ ಜೋರಾಯಿತು. ಎಡಗಡೆ ಮುಂದಿನ ವಾರ ಎಂದು ಹೇಳಿ, ಉಜ್ಜಿದ ಹಲ್ಲುಗಳಿಗೆ ಕೊನೆಯಲ್ಲಿ ಜೆಲ್ ಒಂದನ್ನು ಸವರಿದರು.

ಹಾಳೆ ಬಿಚ್ಚಿದ ಮೇಲೆ ಅವಳು ಕನ್ನಡಿ ನೋಡಿದಳು. ಬಲಗಡೆ ಮೊದಲಿದ್ದ ಕಂದುಪಟ್ಟೆಗಳು ಇರಲಿಲ್ಲ. ಸುಣ್ಣ ಚಿಮುಕಿಸಿದಂಥ ಬಿಳಿ ಮಚ್ಚೆಗಳು ಮಾತ್ರ ಎದ್ದು ಕಾಣುತ್ತಿದ್ದವು. ಹಲ್ಲು ಒಣಗಿದೆ, ಅದಕ್ಕೇ ಹಾಗೆ ಕಾಣುತ್ತೆ, ಎಂಜಲು ತಾಗಿದರೆ ತಗ್ಗುತ್ತೆ ಎಂದರು ಡಾಕ್ಟರಮ್ಮ. ಆಮೇಲೂ ಉಳಿದರೆ ಎರಡು ವಾರ ರಾತ್ರಿ ಹೊತ್ತು ಹಲ್ಲಿಗೆ ಕೂರುವ ಅಚ್ಚಿನೊಳಗೆ ಬಿಳುಪಿನ ಔಷಧಿ ತುಂಬಿ ಹಾಕಿಕೊಳ್ಳಬೇಕು. ಅದಕ್ಕೂ ಬಗ್ಗದ ಮಚ್ಚೆಯೊಳಗೆ, ಸ್ವಲ್ಪ ದಿನ ಬಿಟ್ಟು, ನೀರಿನಷ್ಟು ತೆಳ್ಳಗಿರುವ ರಾಳ ಇಳಿಸಬಹುದು. ಕೆಲವರ ಹಲ್ಲಿನಲ್ಲಿ ಕಲೆ ಬಲು ಆಳಕ್ಕೆ ಹೋಗಿರುತ್ತದೆ, ಅಂಥವರಿಗೆ ಮೇಲೆ ಹಲ್ಲಿನ ಬಣ್ಣದ ತೆಳುಪದರ ಕೂರಿಸದೆ ವಿಧಿಯಿಲ್ಲ. ನಿನ್ನದು ಅಷ್ಟು ಆಳ ಇಲ್ಲ, ಪುಣ್ಯ ಎಂದರು.

ಕೊನೆಗೆ ಹಚ್ಚಿದ್ದೇನು ಎಂದು ಅವಳು ಕೇಳಿದಳು. ಫ್ಲೋರೈಡು ಎಂದಾಗ ಅವಳಿಗೆ ನಗು ತಡೆಯಲಾಗಲಿಲ್ಲ. ಕೆಡಿಸಿದವನ ಕೈಯಲ್ಲೇ ಮದ್ದು ಕೊಡಿಸ್ತೀರಲ್ಲ ಎಂದಳು.

"ಹೊರಗಿಂದ ಇಷ್ಟೇ ಇಷ್ಟು ಸೋಕಿದ್ರೆ ಹಲ್ಲಿಗೆ ಬಲ. ಹಲ್ಲು ವಸಡಿನೊಳಗೆ ಬೆಳೀತಿರೋವಾಗ ನೀರಲ್ಲಿ ಮಿತಿ ಮೀರಿ ಹೊಟ್ಟೆಗೆ ಹೋದ್ರೆ ಹೀಗೆ," ಎಂದರು ಡಾಕ್ಟರಮ್ಮ. "ನೀನು ಚಿಕ್ಕವಳಿದ್ದಾಗ ಕುಡಿದ ನೀರು ಇದು. ಕೊಳೆ ಅಲ್ಲ."

ಕೊಳೆ ಅಲ್ಲ. ಇಷ್ಟು ವಯಸ್ಸಾದ ಮೇಲೆ ಆ ಎರಡು ಮಾತು ಕೇಳುವುದಕ್ಕೆ ಅವಳು ಇಲ್ಲಿಯವರೆಗೆ ಬರಬೇಕಾಯಿತು. ಕಲ್ಲು ಒಡೆಯುವವರ ಆ ಕಾಲನಿಯಲ್ಲಿ ಬೋರ್‌ವೆಲ್ ಬಂದ ಮೇಲೆ ಹುಟ್ಟಿದವರೆಲ್ಲರ ಹಲ್ಲೂ ಹೀಗೇ. ಶಾಲೆಯಲ್ಲಿ ಅವರನ್ನು ಸಾಲಾಗಿ ನಿಲ್ಲಿಸಿ, ಹಲ್ಲುಜ್ಜದ ಸೋಮಾರಿಗಳು ಎಂದು ಉಳಿದ ಮಕ್ಕಳಿಗೆ ತೋರಿಸುತ್ತಿದ್ದರು. ಅವ್ವ ಇಟ್ಟಿಗೆ ಪುಡಿ ಹಾಕಿ ತಿಕ್ಕುತ್ತಿದ್ದಳು. ವಸಡು ಕಿತ್ತು ರಕ್ತ ಬರುತ್ತಿತ್ತು, ಕಲೆ ಹೋಗುತ್ತಿರಲಿಲ್ಲ. ಬೋರ್ ಕೊರೆಸಿ, ತೆಂಗಿನಕಾಯಿ ಒಡೆದು ಫೋಟೊ ತೆಗೆಸಿಕೊಂಡು ಹೋದವರು ನೀರನ್ನು ಪರೀಕ್ಷೆ ಮಾಡಿಸಿರಲಿಲ್ಲ. ತಪ್ಪು ಅವರದು, ರಕ್ತ ಮಕ್ಕಳದು.

ಎದ್ದು ಹೊರಡುವಾಗ ಅವಳು ಅಣ್ಣನ ಮಗಳ ವಿಷಯ ತೆಗೆದಳು. ಆ ಮಗು ಈಗಷ್ಟೇ ತೊದಲು ಮಾತು ಕಲಿಯುತ್ತಿದೆ. ಹಾಲುಹಲ್ಲು ಬೆಳ್ಳಗೇ ಇವೆ, ಅದಕ್ಕೇನೂ ಆಗಿಲ್ಲವಲ್ಲ ಎಂದಳು. ಡಾಕ್ಟರಮ್ಮನ ಕೈ ತಡೆಯಿತು. ಆರೇಳು ವರ್ಷಕ್ಕೆ ಹುಟ್ಟಬೇಕಾದ ಮುಂದಿನ ಹಲ್ಲುಗಳು ಆ ವಸಡಿನೊಳಗೆ ಈಗಲೇ ರೂಪುಗೊಳ್ಳುತ್ತಿವೆ, ಕೆಡುವುದಿದ್ದರೆ ಈಗಲೇ ಕೆಡುವುದು ಎಂದರು.

"ಅತ್ತಿಗೆ ನೀರು ಚೆನ್ನಾಗಿ ಕುದಿಸ್ತಾರೆ. ಅರ್ಧಕ್ಕೆ ಇಳಿಸಿಯೇ ಮಗುಗೆ ಕೊಡೋದು."

"ಕುದಿಸಿದ್ರೆ ಕ್ರಿಮಿ ಸಾಯುತ್ತೆ, ಫ್ಲೋರೈಡ್ ಸಾಯಲ್ಲ ಕಣಮ್ಮ. ನೀರು ಆವಿಯಾಗಿ ಅದು ಇನ್ನೂ ಗಟ್ಟಿಯಾಗುತ್ತೆ. ನೀರೇ ಬೇರೆ ಆಗ್ಬೇಕು."

ಮನೆಗೆ ಬಂದು ಇದನ್ನು ಹೇಳಿದಾಗ ಅತ್ತಿಗೆ ಒಲೆಯ ಮುಂದಿನಿಂದ ಏಳಲಿಲ್ಲ. ಕುದಿಸದ ನೀರು ಕೊಟ್ಟು ಮಗುವಿಗೆ ಭೇದಿ ಹಿಡಿಸಲೇ ಎಂದಷ್ಟೇ ಕೇಳಿದಳು. ಹೊಳೆಯ ನೀರಿನ ಪೈಪು ಕಾಲನಿಗೆ ಬರುವುದೊಂದೇ ಅದಕ್ಕೆ ಉತ್ತರ. ಆ ಪೈಪಿಗಾಗಿ ಓಡಾಡಿ ಚಪ್ಪಲಿ ಸವೆಸಿದ ಮುದುಕನಿಗೆ ಎಲ್ಲರೂ ಪೈಪು ದೊಡ್ಡಪ್ಪ ಎನ್ನುತ್ತಿದ್ದರು. ಅವನ ಕಾಟ ತಾಳದೆ ನೀರಿನ ಇಲಾಖೆಯ ಎಂಜಿನಿಯರು ಆ ವಾರವೇ ಖುದ್ದು ಬಂದು ನೋಡುವುದಾಗಿ ಒಪ್ಪಿದ್ದರು.

ಅವಳ ಹೊಸ ಬಾಯಿ ಕಂಡ ದೊಡ್ಡಪ್ಪ ಮೊದಲು ಹೌಹಾರಿದ. ಕಾಲನಿಯಲ್ಲಿ ಎಲ್ಲರಿಗಿಂತ ಜೋರಾಗಿ ಕಲೆಯಿದ್ದದ್ದು ಅವಳ ಹಲ್ಲಿಗೆ. ನಾಲ್ಕು ಜನರ ಮುಂದೆ ಬಾಯಿ ಬಿಚ್ಚುವ ಧೈರ್ಯ ಇದ್ದದ್ದೂ ಅವಳೊಬ್ಬಳಿಗೇ. ಸಾಕ್ಷಿಯನ್ನೇ ಒರೆಸಿಕೊಂಡು ಬಂದಿದ್ದೀಯಲ್ಲೇ ಎಂದ. ಅವಳು ಎಡಗಡೆಯ ತುಟಿ ಎಳೆದು ತೋರಿಸಿದಳು. ಒಂದೇ ಬಾಯಲ್ಲಿ ನೀರು ಕೊಟ್ಟದ್ದೂ ಇದೆ, ಅದನ್ನು ಹೋಗಲಾಡಿಸಲು ಪಟ್ಟ ಪಾಡೂ ಇದೆ, ಇದಕ್ಕಿಂತ ದೊಡ್ಡ ಸಾಕ್ಷಿ ಬೇಕೇ ಎಂದಳು. ಅವನು ಗಡ್ಡ ಕೆರೆದುಕೊಂಡು ಯೋಚಿಸಿ, ಹೌದು ಕಣೆ ಎಂದ. ಮರುದಿನ ಆಸ್ಪತ್ರೆಯಿಂದ ಫೋನು ಬಂತು: ಯಾರೋ ಬರುತ್ತಿಲ್ಲ, ಕುರ್ಚಿ ಖಾಲಿಯಿದೆ, ಎಡಗಡೆಯನ್ನೂ ಮುಗಿಸಿಬಿಡೋಣವೇ ಎಂದು. ಬೇಡ ಎಂದಳು. ಕೌಂಟರಿನ ಕೆಲಸ ಆಮೇಲೆ.

ಎಂಜಿನಿಯರು ಒಳ್ಳೆಯ ಮನುಷ್ಯನಂತೆಯೇ ಕಂಡರು. ಅದೇ ಕೆಟ್ಟದ್ದು. ಬಯ್ಯುವವನನ್ನಾದರೆ ಎದುರಿಸಬಹುದು. ಅವರು ಬೋರಿನ ಪಕ್ಕದ ಕಟ್ಟೆಯ ಮೇಲೆ ಕೂತು, ಬಿಸಿಲಿಗೆ ನಿಂತ ಜನರನ್ನು ನೆರಳಿಗೆ ಕರೆದು, ಎಲ್ಲರ ಮಾತನ್ನೂ ತಲೆದೂಗಿ ಕೇಳಿದರು. ಅವಳ ಸರದಿ ಬಂದಾಗ ಅವಳು ಎರಡೂ ಕೈಯಿಂದ ತುಟಿಗಳನ್ನು ಅಗಲಿಸಿ ನಿಂತಳು. ಹುಟ್ಟಿದಂದಿನಿಂದ ಅಂಗೈ ಅಡ್ಡವಿಟ್ಟೇ ನಗುತ್ತಿದ್ದ ಕಾಲನಿಯ ಹೆಂಗಸರು ಅದನ್ನು ನೋಡಲಾಗದೆ ಮುಖ ಆಚೆ ತಿರುಗಿಸಿದರು. ಎಂಜಿನಿಯರು ಕನ್ನಡಕ ಹಾಕಿಕೊಂಡು ಹತ್ತಿರ ಬಂದರು. ಎಡಗಡೆ ನೋಡಿದರು. ಬಲಗಡೆಯನ್ನು ಬಹಳ ಹೊತ್ತು ನೋಡಿದರು.

ಇದು ಹೇಗೆ ಹೋಯಿತು ಎಂದು ಕೇಳಿದರು. ಆಸ್ಪತ್ರೆಯಲ್ಲಿ ತಿಕ್ಕಿದರು ಎಂದುಬಿಟ್ಟಳು. ಬಾಯಿಂದ ಬಿದ್ದ ಕೂಡಲೇ ಆ ಮಾತು ಅವಳಿಗೆ ತಿವಿಯಿತು. ಎಷ್ಟು ಸಲ ಹೋಗಿದ್ದೆ ಎಂದರು. ಒಂದೇ ಸಲ ಎನ್ನದೆ ಬೇರೆ ದಾರಿಯಿರಲಿಲ್ಲ.

"ಹಾಗಾದ್ರೆ ತಿಕ್ಕಿದ್ರೆ ಹೋಗುತ್ತೆ," ಎಂದರು ಎಂಜಿನಿಯರು. ಪಾಠ ಒಪ್ಪಿಸಿದ ಮಗುವನ್ನು ಮೆಚ್ಚಿಕೊಳ್ಳುವ ದನಿ.

ತಿಕ್ಕಿದ್ದಲ್ಲ ಸಾರ್, ಆ್ಯಸಿಡ್ ಹಾಕಿ ಹಲ್ಲನ್ನೇ ಕೂದಲೆಳೆಯಷ್ಟು ಸವೆಸಿದ್ದು, ಕಲೆ ಹಲ್ಲಿನ ಮೇಲೆ ಕೂತದ್ದಲ್ಲ, ಹಲ್ಲಿನ ಜೊತೆಗೇ ಹುಟ್ಟಿದ್ದು ಎಂದು ಅವಳು ಒಂದೇ ಉಸಿರಿಗೆ ಹೇಳಿದಳು. ಅಷ್ಟರಲ್ಲಿ ಅವರು ಗುಂಪಿನಲ್ಲಿದ್ದ ಅಣ್ಣನನ್ನು ಹತ್ತಿರ ಕರೆದಿದ್ದರು. ಬಾಯಿ ತೆಗೆಸಿದರು. ಅಣ್ಣನ ಹಲ್ಲು ಬೆಳ್ಳಗಿದ್ದವು. ಒಂದೇ ಮನೆ, ಒಂದೇ ಬೋರು, ಇವನಿಗೇಕೆ ಇಲ್ಲ ಎಂದು ಅವರು ಕೇಳಿದ್ದು ಅವಳನ್ನಲ್ಲ, ಗುಂಪನ್ನು. ಬೋರ್ ಕೊರೆದಾಗ ಅಣ್ಣನಿಗೆ ಮೀಸೆ ಚಿಗುರುತ್ತಿತ್ತು, ಅಷ್ಟರಲ್ಲಿ ಅವನ ಹಲ್ಲು ಬಲಿತಾಗಿತ್ತು, ನಾನಿನ್ನೂ ಹುಟ್ಟಿರಲಿಲ್ಲ ಎಂದು ಅವಳೇ ಉತ್ತರಿಸಿದಳು.

"ನೀವೇನು ಡಾಕ್ಟರಾ?"

"ಅಲ್ಲ. ಹಲ್ಲು ನಂದು."

ಯಾರೋ ಕಿಸಕ್ಕೆಂದರು. ಎಂಜಿನಿಯರೂ ನಕ್ಕರು, ನಗಲು ಅವರು ಬಾಯಿಗೆ ಏನನ್ನೂ ಅಡ್ಡ ಇಡಬೇಕಿರಲಿಲ್ಲ. ನೀರನ್ನು ಪರೀಕ್ಷೆ ಮಾಡಿಸಿ ಎಂದು ಅವಳು ಕೇಳಿದಳು. ಅದೆಲ್ಲ ಹಂತಹಂತವಾಗಿ ಆಗುತ್ತೆ, ಸದ್ಯಕ್ಕೆ ಕಾಲನಿಗೆ ಒಂದು ಹಲ್ಲಿನ ಶಿಬಿರ ಮಾಡಿಸೋಣ, ಮನೆಗೊಂದು ಬ್ರಷ್ಷು, ಪೇಸ್ಟು ಕೊಡಿಸೋಣ ಎಂದು ಅವರು ಎದ್ದರು. ಪೈಪಿನ ಮಾತು ಅಲ್ಲಿಗೆ ನಿಂತಿತು. ನೀರಿನ ರೋಗಕ್ಕೆ ಬ್ರಷ್ಷು. ಮಗುವಿನ ವಸಡಿನೊಳಗೆ ನಡೆಯುತ್ತಿದ್ದ ಕೇಡಿಗೆ ಸರ್ಕಾರ ತನ್ನ ಕೈ ತೊಳೆದುಕೊಂಡಿತು. ಅದನ್ನೂ ಬೋರಿನ ನೀರಿನಲ್ಲಿ ತೊಳೆದುಕೊಂಡಿರಲಿಕ್ಕಿಲ್ಲ.

ಜೀಪು ಹೋದ ಮೇಲೆ ಯಾರೂ ಜಗಳವಾಡಲಿಲ್ಲ. ಒಬ್ಬೊಬ್ಬರೇ ಕೊಡ ಎತ್ತಿಕೊಂಡು ಹೋದರು. ದೊಡ್ಡಪ್ಪ ಮಾತ್ರ ಕಟ್ಟೆಯ ಮೇಲೆ ಉಳಿದಿದ್ದ.

"ನೀನು ಆಸ್ಪತ್ರೆಗೆ ಹೋಗದೆ ಇದ್ದಿದ್ರೆ ಕೆಲಸ ಆಗಿರೋದು," ಎಂದ. ಸಿಟ್ಟಿನಿಂದಲ್ಲ. ಅವನಿಗೆ ಅಷ್ಟು ಶಕ್ತಿಯೂ ಉಳಿದಿರಲಿಲ್ಲ.

ಹೋಗದಿದ್ದರೂ ಅವರು ಅಣ್ಣನ ಬಾಯಿ ತೆಗೆಸುತ್ತಿದ್ದರು ಎಂದು ಅವಳಿಗೆ ಹೇಳಬೇಕೆನ್ನಿಸಿತು. ಮನೆಯ ದಾರಿ ಹಿಡಿದಳು. ಆ ವಾರವೆಲ್ಲ ಬೋರಿನ ಬಳಿ ಅವಳು ಹೋದರೆ ಮಾತು ನಿಲ್ಲುತ್ತಿತ್ತು. ಮೈಕಮ್ಮ ಎಂದು ಕೂಗುವವರೂ ಇರಲಿಲ್ಲ. ಅಣ್ಣ ಊಟಕ್ಕೆ ಬೇರೆ ಹೊತ್ತು ಮಾಡಿಕೊಂಡ. ತನ್ನ ಬಿಳಿ ಹಲ್ಲಿನಿಂದಲೇ ಮಗಳ ನೀರು ತಪ್ಪಿತು ಎಂದು ಅವನೂ ಒಳಗೊಳಗೇ ಸುಡುತ್ತಿದ್ದನೋ ಏನೋ, ಕೇಳುವ ಧೈರ್ಯ ಅವಳಿಗೆ ಬರಲಿಲ್ಲ.

ಎಡಗಡೆಗೆಂದು ಗೊತ್ತುಮಾಡಿದ್ದ ದಿನ ಅವಳು ಆಸ್ಪತ್ರೆಗೆ ಹೋದಳು, ಆದರೆ ಕುರ್ಚಿಗೆ ಒರಗಲಿಲ್ಲ. ಒಮ್ಮೆ ಕಾಲನಿಗೆ ಬಂದು ಇದು ನೀರಿನದೇ ಎಂದು ಹೇಳುತ್ತೀರಾ ಎಂದು ಕೇಳಿದಳು. ಡಾಕ್ಟರಮ್ಮ ಮೇಲಿನವರನ್ನು ಕೇಳಬೇಕು ಎಂದರು. ಕೇಳಿಯೂ ಕೇಳಿದರು, ಪಕ್ಕದ ಕೋಣೆಗೆ ಹೋಗಿ. ಬಂದವರು ಕೈಗವಸು ಹಾಕಿಕೊಳ್ಳುತ್ತ, ನನಗೆ ಬಿಡೋದಿಲ್ಲಮ್ಮ, ಬಾ ಎಡಗಡೆ ಮುಗಿಸೋಣ ಎಂದರು. ಅವಳು ಬೇಡವೆಂದು ತಲೆಯಾಡಿಸಿದಳು. ಎಂಜಿನಿಯರನ ಮೇಲೂ ಒಂದು ಕಚೇರಿಯಿದೆ, ಅದರ ಮೇಲೆ ಇನ್ನೊಂದಿದೆ. ಅಲ್ಲೆಲ್ಲ ತೋರಿಸಲು ಅವಳ ಬಳಿ ಇರುವುದು ಇದೊಂದೇ.

"ಹೀಗೆ ಬಿಟ್ರೆ ಅರ್ಧ ಬಾಯಿ ಎಲ್ಲರಿಗೂ ಎದ್ದು ಕಾಣುತ್ತೆ."

"ಕಾಣ್ಲಿ. ಈ ಸಲ ತಿಕ್ಕಿದರು ಅನ್ನಲ್ಲ."

ವಿಚಾರಣೆ ಕೌಂಟರಿಗೆ ಬೇರೊಬ್ಬಳು ಬಂದಳು. ಗೂಡಿನ ಹಿಂದೆ, ಚಾಲಕರು ಬಾಟಲಿ ತುಂಬಿಕೊಳ್ಳುವ ನಲ್ಲಿಯಲ್ಲಿ ಹೊಳೆಯ ನೀರು ಬರುತ್ತಿತ್ತು. ಇಷ್ಟು ವರ್ಷ ಅದನ್ನೇ ಕುಡಿಯುತ್ತಿದ್ದರೂ ಮನೆಗೆ ಒಯ್ಯುವುದು ಅವಳಿಗೆ ಹೊಳೆದಿರಲಿಲ್ಲ. ಪಾಳಿ ಮುಗಿಸಿ ಒಂದು ಕ್ಯಾನು ತುಂಬಿ ಬಸ್ಸು ಹತ್ತಿದಳು. ಕಾಲನಿಯ ಹೆಂಗಸರಿಬ್ಬರು ಅದೇ ಬಸ್ಸಿನಲ್ಲಿದ್ದರು. ಅವಳ ಪಕ್ಕದ ಸೀಟು ಖಾಲಿಯಿದ್ದರೂ ನಿಂತೇ ಬಂದರು. ಕಾಲನಿಯಲ್ಲಿ ಮಕ್ಕಳು ಎಷ್ಟೋ, ಅವಳ ತೋಳಿಗೆ ಬಂದದ್ದು ಒಂದೇ ಕ್ಯಾನು. ಅದು ಅವರಿಗೂ ಗೊತ್ತಿತ್ತು, ಅವಳಿಗೂ ಗೊತ್ತಿತ್ತು.

ಮನೆಯಲ್ಲಿ ಕ್ಯಾನನ್ನು ಒಲೆಯ ಪಕ್ಕಕ್ಕಿಟ್ಟು, ಮಗುವಿನ ನೀರು, ಗಂಜಿ ಎರಡಕ್ಕೂ ಇದನ್ನೇ ಬಳಸಿ, ಒಂದು ಕುದಿ ಬಂದ ಕೂಡಲೇ ಇಳಿಸಿ ಎಂದಳು. ಅತ್ತಿಗೆ ಮುಖವೆತ್ತಲಿಲ್ಲ. ಅವಳು ಒಬ್ಬಳೇ ಉಂಡು, ಒಬ್ಬಳೇ ಮಲಗಿದಳು. ಗೋಡೆಯಾಚೆ ಮಗು ನೀರು ಕುಡಿದು ಇನ್ನಷ್ಟು ಬೇಕೆಂದು ರಂಪ ಮಾಡುತ್ತಿತ್ತು.

ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಕ್ಯಾನು ಅವಳ ಚಪ್ಪಲಿಯ ಪಕ್ಕದಲ್ಲಿತ್ತು. ಯಾರೋ ಅದನ್ನು ತೊಳೆದು, ಬೋರಲು ಹಾಕಿ, ನೀರಿಳಿಯಲು ಬಿಟ್ಟಿದ್ದರು.