ಮೇಲೇರಿದ ಕಾಡು

ಅಕ್ಷರಗಳಿಗೆ ಕೈಕಾಲು ಇದ್ದ ಕಾಲದ ಮಾತು. ಕಪ್ಪು ಬಿಳಿ ಮನೆಗಳ ಒಂದು ಊರಿತ್ತಂತೆ. ಅಲ್ಲಿ ಪದಗಳು ಒಂದನ್ನೊಂದು ನುಂಗುತ್ತಿದ್ದವು, ಆದರೆ ಅಗಿಯುತ್ತಿರಲಿಲ್ಲ; ನುಂಗಿದ್ದು ಹೊಟ್ಟೆಯೊಳಗೆ ಇಡಿಯಾಗಿ ಕೂತಿರುತ್ತಿತ್ತು. ಇನ್ನು ಕೆಲವು ಪದಗಳಿಗೆ ಹಿಂದೆ ಹಿಂದೆ ನಡೆಯುವ ಖಯಾಲಿ. ನದಿ ಹಿಂದಕ್ಕೆ ನಡೆದರೆ ದಿನವಾಗುತ್ತಿತ್ತು, ಗಜ ಹಿಂದಕ್ಕೆ ನಡೆದರೆ ಜಗವೇ ಆಗಿಬಿಡುತ್ತಿತ್ತು. ಆ ಊರನ್ನು ಕಟ್ಟಿದವಳು ಒಬ್ಬ ಅಜ್ಜಿ. ಯಾವ ಮನೆಯಲ್ಲಿ ಯಾವ ಅಕ್ಷರ ಮಲಗಿದೆ ಎಂಬುದು ಅವಳೊಬ್ಬಳಿಗೇ ಗೊತ್ತಿತ್ತು. ಒಂದು ಬೆಳಗ್ಗೆ ಅವಳಿಗೂ ಗೊತ್ತಿಲ್ಲದಾಯಿತು.

ಇಲ್ಲಿಂದಾಚೆಗೆ ಕಥೆಯಲ್ಲ, ಮನೆಯದೇ ವಿಷಯ.

ಊರು ಎಂದರೆ ವಾರಪತ್ರಿಕೆಯ ಕೊನೆಯ ಪುಟದ ಗೂಢ ಪದಬಂಧ. ಕಟ್ಟುತ್ತಿದ್ದವಳು ಮೊಮ್ಮಗಳ ಸ್ವಂತ ಅಜ್ಜಿ; ಓದುಗರಿಗೆ ಅವಳು 'ಚೌಕದಜ್ಜಿ'. ಪುಟಕ್ಕೆ ಹೋಗುವ ಮೊದಲು ಪ್ರತಿ ಪದಬಂಧವನ್ನೂ ಇನ್ನೊಬ್ಬರು ಉತ್ತರ ನೋಡದೆ ಬಿಡಿಸಬೇಕು ಎಂಬುದು ಪತ್ರಿಕೆಯ ಪದ್ಧತಿ. ಆ ಇನ್ನೊಬ್ಬರು ಮೊಮ್ಮಗಳು. ಅಜ್ಜಿ ಖಾಲಿ ಚೌಕವನ್ನೂ ಸುಳಿವುಗಳನ್ನೂ ಕೊಡುವಳು, ಉತ್ತರ ತಲೆಯಲ್ಲೇ ಇಟ್ಟುಕೊಳ್ಳುವಳು. ಮೊಮ್ಮಗಳು ಒದ್ದಾಡುವುದನ್ನು ಕುರ್ಚಿಯಲ್ಲಿ ಕೂತು ಕಾಲಾಡಿಸುತ್ತ ನೋಡುವುದೇ ಅವಳಿಗೊಂದು ಸುಖ.

"ಮರಕ್ಕೆ ಹೊಕ್ಕ ಕತ್ತಿಯ ಮೊನೆ: ಮೊಸಳೆ," ಎಂದು ಮೊದಲ ಪಾಠ ಹೇಳಿಕೊಟ್ಟಿದ್ದು ಅವಳೇ. "ಕತ್ತಿಯ ಮೊನೆ ಅಂದ್ರೆ ಏನೇ? ಮೊದಲನೇ ಅಕ್ಷರ, ಕ. ಹೊಕ್ಕಿದೆ ಅಂದ್ರೆ ಒಳಗಿದೆ. ಮರದೊಳಗೆ ಕ ತೂರಿಸು."

"ಮ, ಕ, ರ. ಮಕರ!"

"ಹಾಂ. ಹೊಕ್ಕು, ನುಂಗಿ, ಅಪ್ಪಿ, ಹೊಟ್ಟೆಯಲ್ಲಿ, ಇವೆಲ್ಲ ಬಾಗಿಲುಗಳು. ಮರಳಿ, ಹಿಂದಿರುಗಿ, ಇವು ತಿರುವುಗಳು. ಸುಳಿವಲ್ಲಿ ಸುಮ್ಮನೆ ಕೂತಿರೋ ಪದ ಒಂದೂ ಇರಬಾರದು. ಇದ್ರೆ ಕಟ್ಟಿದವರಿಗೆ ತಲೆ ಕೆಟ್ಟಿದೆ ಅಂತ ಅರ್ಥ."

ಈಗ ಆ ತಲೆಯೇ ಸರಿದು ಹೋಗುತ್ತಿತ್ತು. ಮೊದಲು ಕನ್ನಡಕ ಎಲ್ಲಿಟ್ಟೆ ಎಂಬುದು ಹೋಯಿತು, ಆಮೇಲೆ ಯಾರು ಬಂದು ಹೋದರು ಎಂಬುದು. ಸುಳಿವುಗಳಲ್ಲೂ ಅಲ್ಲಿ ಇಲ್ಲಿ ಹೊಲಿಗೆ ಬಿಟ್ಟಿತು. ಮೊಮ್ಮಗಳು ಯಾರಿಗೂ ಹೇಳದೆ ಹೊಲಿದು ಕಳಿಸುತ್ತ ಬಂದಳು. ಆದರೆ ಅಜ್ಜಿಗೆ ಅದು ಹೇಗೋ ಗೊತ್ತಾಯಿತು. ಒಂದು ಮಧ್ಯಾಹ್ನ ಹೊಸ ಪದಬಂಧವನ್ನು ಕೈಯಲ್ಲಿಟ್ಟು ಮುಂಗೈಯನ್ನು ಗಟ್ಟಿಯಾಗಿ ಹಿಡಿದಳು.

"ಇದರಲ್ಲಿ ಒಂದು ಮಾತೂ ತಿದ್ದಬೇಡ. ಪೂರ್ತಿ ಬಿಡಿಸು. ಬಿಡಿಸ್ತೀಯಾ?"

"ಬಿಡಿಸ್ತೀನಿ ಅಜ್ಜಿ."

"ಮಾತು ಕೊಡು."

ಕೊಟ್ಟಳು. ಅದಾದ ಮೇಲೆ ಅಜ್ಜಿ ಪೆನ್ಸಿಲ್ ಮುಟ್ಟಲಿಲ್ಲ.

ಎಲ್ಲ ಸುಳಿವುಗಳೂ ಬಿಟ್ಟುಕೊಟ್ಟವು, ಒಂದನ್ನುಳಿದು. ಎಡದಿಂದ ಬಲಕ್ಕೆ ಹೋಗುವ, ಐದು ಅಕ್ಷರದ ಉತ್ತರ. 'ಆನೆಯ ಹೊಟ್ಟೆಯಲ್ಲಿ ಮೇಲೇರಿದ ಕಾಡು, ಕೆಲಸದ ಆರಂಭ: ಯಾರಿಗೂ ಅಲ್ಲದ ಮಾತು.' ಎರಡನೆಯ ಮನೆಯಲ್ಲಿ 'ನ' ಮೊದಲೇ ಬಂದು ಕೂತಿತ್ತು. ಅದು ಮೇಲಿನಿಂದ ಕೆಳಕ್ಕೆ ಹಾಯುವ 'ದಿನಕರ'ದಿಂದ ಬಂದದ್ದು.

ಬೆಳಗ್ಗೆ ಉಪಸಂಪಾದಕರ ಫೋನು.

"ಆಯ್ತೇನಮ್ಮ?"

"ಒಂದು ಉಳಿದಿದೆ ಸರ್. ಸಂಜೆಯೊಳಗೆ ಕೊಡ್ತೀನಿ."

"ಆ ಆನೆದಾ? ನಾನೂ ನೋಡ್ದೆ. ಹೊಟ್ಟೆಯಲ್ಲಿ ಕಾಡು ಮೇಲೇರೋದು ಅಂದ್ರೇನು? ಬೇಜಾರು ಮಾಡ್ಕೋಬೇಡ, ನಮ್ಮ ಚೌಕದಜ್ಜಿ ಮೇಲೆ ನನಗೂ ಗೌರವ ಇದೆ. ಆದ್ರೆ ಇದಕ್ಕೆ ಉತ್ತರಾನೇ ಇಲ್ಲ ಅನಿಸುತ್ತೆ. ಸಂಜೆ ಪುಟ ಮುಚ್ತೀವಿ. ಪೂರ್ತಿ ಉತ್ತರ ಬಂದ್ರೆ ಅವರದ್ದು ಹೋಗುತ್ತೆ. ಇಲ್ಲಾಂದ್ರೆ ಕಂಪ್ಯೂಟರ್ ಹೆಣೆದದ್ದು ಹಾಕಿ, ಅವರ ಅಂಕಣ ನಿಲ್ಲಿಸಿಬಿಡೋಣ. ಗೌರವವಾಗಿ ನಿಲ್ಲಿಸೋಣ."

ಅವಳು ಫೋನು ಇಟ್ಟಳು. ಉತ್ತರವಿದ್ದರೆ, ಇದನ್ನು ಕಟ್ಟಿದ ದಿನ ಅಜ್ಜಿ ಅಜ್ಜಿಯಾಗಿಯೇ ಇದ್ದಳು. ಇಲ್ಲದಿದ್ದರೆ ಆಗಲೇ ಅವಳು ಹೊರಟುಹೋಗಿದ್ದಳು. ಹಾಗಾದರೆ ಮಾತು ಕೊಟ್ಟದ್ದು ಖಾಲಿ ಕುರ್ಚಿಗೆ.

ಊಟದ ಮೇಜಿನ ಮೇಲೆ ಹಾಳೆ ಹರಡಿಕೊಂಡು ಕೂತಳು. ಕೆಲಸದ ಆರಂಭ 'ಕೆ' ಇರಬಹುದು. ಆನೆ: ಗಜ, ಹಸ್ತಿ, ದಂತಿ, ಕರಿ, ಸಲಗ. ಕಾಡು: ಅಡವಿ, ಅರಣ್ಯ, ಕಾನನ, ವನ. ಅಡವಿ, ಅರಣ್ಯ ಹೊಟ್ಟೆಗೆ ಇಳಿಯುವುದಿಲ್ಲ, ಪದದ ನಡುವೆ ಬರಿಯ 'ಅ' ಕೂರುವುದಾದರೂ ಹೇಗೆ? ಗಜದೊಳಗೆ ಕಾನನ ತುರುಕಿದಳು. ಗಕಾನನಜ. ಯಾರೋ ಬಾಯಿ ತುಂಬ ನೀರಿಟ್ಟುಕೊಂಡು ಗದರಿದ ಹಾಗಿತ್ತು. ಕರಿಯೊಳಗೆ ವನ ಇಟ್ಟಳು. ಕ, ವ, ನ, ರಿ. ಎರಡನೆಯ ಮನೆಗೆ 'ವ' ಬಂತು. ಅಲ್ಲಿ 'ನ' ಇದೆ. ಹೊಡೆದು ಹಾಕಿದಳು. ಆನೆಯ ಹೊಟ್ಟೆ ಎಂದರೆ ಆನೆಯ ನಡುವಿನ ಅಕ್ಷರವಿರಬಹುದೇ ಎಂದು ಸಲಗದ 'ಲ' ಕಿತ್ತು ನೋಡಿದಳು. ಅದು ಎಲ್ಲಿಯೂ ನಿಲ್ಲಲಿಲ್ಲ.

ಎಲ್ಲಕ್ಕಿಂತ ಹೆಚ್ಚಾಗಿ ಚುಚ್ಚುತ್ತಿದ್ದದ್ದು 'ಮೇಲೇರಿದ'. ಅಡ್ಡಲಾಗಿ ಮಲಗಿರುವ ಪದದಲ್ಲಿ ಮೇಲೆಲ್ಲಿ, ಕೆಳಗೆಲ್ಲಿ? ಎಷ್ಟು ನೋಡಿದರೂ ಅದು ಸುಮ್ಮನೆ ಕೂತ ಪದ. ಸುಮ್ಮನೆ ಕೂತ ಪದವಿದ್ದರೆ ಏನು ಅರ್ಥವೆಂದು ಅಜ್ಜಿಯೇ ಹೇಳಿದ್ದಳಲ್ಲ.

ಅಮ್ಮ ಬಟ್ಟೆ ಮಡಿಸುತ್ತ ಇಣುಕಿದಳು. "ಇನ್ನೂ ಆ ಆನೆ ಹಿಂದೆನೇ ಇದೀಯಾ? ನನ್ನ ಅತ್ತೆ ನನ್ನನ್ನ ಗೋಳು ಹುಯ್ಕೊಂಡಿದ್ದು ಸಾಲದು ಅಂತ ನಿನ್ನನ್ನೂ ಹಿಡಿದಿದ್ದಾರೆ. ಏನಾದ್ರೂ ಒಂದು ಸುಲಭದ ಸುಳಿವು ನೀನೇ ಬರೆದು ಕಳಿಸು. ಯಾರು ನೋಡ್ತಾರೆ?"

"ಮಾತು ಕೊಟ್ಟಿದೀನಮ್ಮ."

"ಯಾರಿಗೆ? ಆ ಮಾತು ಅವರಿಗೇ ನೆನಪಿಲ್ಲ." ಹೇಳಿದ ಮೇಲೆ ಅಮ್ಮನಿಗೇ ಕೆಡುಕೆನಿಸಿತು. ಮಡಿಸಿದ ಬಟ್ಟೆಯನ್ನೇ ಬಿಚ್ಚಿ ಮತ್ತೆ ಮಡಿಸಿದಳು.

ಬೇರೆ ದಾರಿ ಕಾಣದೆ ಅವಳು ಹಾಳೆ ಹಿಡಿದು ಅಜ್ಜಿಯ ಕೋಣೆಗೆ ಹೋದಳು. ಅಜ್ಜಿ ಕಿಟಕಿಯ ಬಳಿ ಕೂತು ಹೊದಿಕೆಯ ಅಂಚನ್ನು ಬೆರಳಲ್ಲಿ ಸುತ್ತುತ್ತಿದ್ದಳು.

"ಅಜ್ಜಿ, ಈ ಆನೆ ಹೊಟ್ಟೆಯಲ್ಲಿ ಏನಿಟ್ಟೆ? ಒಂದಕ್ಷರ ಹೇಳು ಸಾಕು."

"ಯಾವ ಆನೆ?" ಅಜ್ಜಿಯ ಕಣ್ಣು ಬಾಗಿಲಿಗೆ ಹೋಯಿತು. "ಒಳಗೆ ಬಂತಾ? ಬಾಗಿಲು ಹಾಕೇ, ಪಾತ್ರೆಗಳೆಲ್ಲ ಹೊರಗಿವೆ."

"ಇಲ್ಲ ಅಜ್ಜಿ, ಆನೆ ಬಂದಿಲ್ಲ."

"ನೀನು ಸಣ್ಣವಳು, ನಿನಗೆ ಗೊತ್ತಾಗಲ್ಲ. ಬಾಗಿಲು ಹಾಕು."

ಅವಳು ಹಾಳೆಯನ್ನು ಅಜ್ಜಿಯ ಬಳಿ ಇಟ್ಟು, ಹೋಗಿ ಬಾಗಿಲು ಹಾಕಿದಳು. ಅಲ್ಲೇ ಹಣೆಯಾನಿಸಿ ನಿಂತಳು. ಅಜ್ಜಿಯಿಂದ ಉತ್ತರ ಕಿತ್ತುಕೊಳ್ಳಲು ಹೋಗಿ ಅವಳಿಗೊಂದು ಹೆದರಿಕೆ ತಂದಿಟ್ಟಂತಾಯಿತು. ಸಂಜೆಗೆ ಫೋನು ಮಾಡಿ ನಿಲ್ಲಿಸಿಬಿಡಿ ಎಂದರಾಯಿತು, ಇನ್ನೇನಿದೆ?

ಹಿಂದೆ ಹಾಳೆ ಸರಸರ ಎಂದಿತು. ಅಜ್ಜಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬೇರೊಂದು ಸುಳಿವನ್ನು ಶಾಲೆಯ ಮಗುವಿನಂತೆ ಒಂದೊಂದೇ ಪದ ಬಿಡಿಸಿ ಓದುತ್ತಿದ್ದಳು. "ನದಿ... ಪಡುವಣಕ್ಕೆ ಹರಿದು... ಕೈಯನ್ನು ಸೇರಿದರೆ... ಬೆಳಗುವವನು."

ಅವಳ ತೋರುಬೆರಳು ಚೌಕದ ಮೇಲೆ ಬಲದಿಂದ ಎಡಕ್ಕೆ ಸರಿಯಿತು. 'ದಿನಕರ' ಎಂದು ತುಂಬಿದ ಮನೆಗಳ ಹತ್ತಿರ ಕಪ್ಪು ಮನೆಗೆ ತಾಗಿ ನಿಂತಿತು. ಮತ್ತೆ ಸರಿಯಿತು, ಮತ್ತೆ ನಿಂತಿತು. ಅಜ್ಜಿ ಕಪ್ಪು ಮನೆಯನ್ನು ಉಗುರಿನಿಂದ ಕೆರೆದಳು.

"ಹರೀತಿಲ್ಲ," ಎಂದಳು. "ನದಿ ನಿಂತುಬಿಟ್ಟಿದೆ. ಪಡುವಣ ಈ ಕಡೆ ಅಲ್ವೇನೇ? ಯಾರು ನಿಲ್ಲಿಸಿದ್ದು?"

"ಸಮಾಧಾನ ಮಾಡ್ಕೋ ಅಜ್ಜಿ, ಹರಿಯುತ್ತೆ, ಇಲ್ಲಿ ಕೊಡು..." ಹಾಳೆಯನ್ನು ಮೆಲ್ಲಗೆ ತೆಗೆದುಕೊಳ್ಳಲು ಬಗ್ಗಿದವಳು ಹಾಗೇ ನಿಂತಳು.

ನದಿ ನಿಜವಾಗಿಯೂ ನಿಂತಿತ್ತು. 'ದಿನಕರ' ಮೇಲಿನಿಂದ ಕೆಳಕ್ಕೆ ಬರೆದ ಪದ. ನದಿ ತಿರುಗಿ 'ದಿನ', ಕೈ ಎಂದರೆ 'ಕರ'. ಇಷ್ಟು ಸುಲಭವಾಗಿ ಬಂದಿದ್ದರಿಂದ ಅವಳು 'ಪಡುವಣ'ವನ್ನು ತಿರುಗಿ ನೋಡಿರಲೇ ಇಲ್ಲ. ನಿಂತ ಪದದಲ್ಲಿ ಪಡುವಣ ಎಲ್ಲಿಂದ ಬರಬೇಕು? ಪಡುವಣಕ್ಕೆ ಹರಿಯುವುದು ಮಲಗಿದ ಪದ, ಬಲದಿಂದ ಎಡಕ್ಕೆ. ಮೇಲೇರುವುದು ನಿಂತ ಪದ, ಕೆಳಗಿನಿಂದ ಮೇಲಕ್ಕೆ. ಪದಬಂಧ ಕಟ್ಟುವವರು ಇದರಲ್ಲಿ ತಪ್ಪುವುದಿಲ್ಲ. ಇಲ್ಲಿ ಎರಡೂ ತಪ್ಪಿದ್ದವು, ಅದೂ ಒಂದಕ್ಕೊಂದು ಕನ್ನಡಿ ಹಿಡಿದ ಹಾಗೆ.

ಹೊರಳಿಸಿದ್ದು ಅವಳೇ.

ಈ ಪದಬಂಧ ಕೈಸೇರಿದಾಗ, ಕಪ್ಪು ಮನೆಗಳ ವಿನ್ಯಾಸ ಹಿಂದಿನ ವಾರದ್ದೇ ಆಗಿದೆ, ಓದುಗರು ಆಡಿಕೊಳ್ಳುತ್ತಾರೆ ಎಂದು ಉಪಸಂಪಾದಕರು ಗೊಣಗಿದ್ದರು. ಅಜ್ಜಿ ಹಾಗಾದಾಗ ಚೌಕವನ್ನು ಮೂಲೆಯಿಂದ ಮೂಲೆಗೆ ಮಗುಚಿ ಹೊಸದರಂತೆ ಮಾಡುತ್ತಿದ್ದಳು. ಅಡ್ಡ ಪದಗಳೆಲ್ಲ ಉದ್ದಕ್ಕೆ, ಉದ್ದದವೆಲ್ಲ ಅಡ್ಡಕ್ಕೆ. ಆದರೆ ಅವಳು ಮಗುಚುತ್ತಿದ್ದದ್ದು ಸುಳಿವು ಬರೆಯುವ ಮೊದಲು. ಮೊಮ್ಮಗಳು ಮಗುಚಿದ್ದು ಬರೆದಾದ ಮೇಲೆ. ಸಂಖ್ಯೆ ಬದಲಿಸಿ, ಪಟ್ಟಿ ಅದಲುಬದಲು ಮಾಡಿ, ಒಂದು ಮಾತೂ ತಿದ್ದಿಲ್ಲವೆಂದು ನೆಮ್ಮದಿಯಾಗಿದ್ದಳು. ಕಾಡು ಏರಬೇಕಾದ ಏಣಿಯನ್ನೇ ನೆಲಕ್ಕೆ ಮಲಗಿಸಿ, ಅಜ್ಜಿಯ ತಲೆ ಹೋಯಿತೆಂದು ಇಷ್ಟು ಹೊತ್ತು ಒಳಗೊಳಗೇ ಅಳುತ್ತಿದ್ದಳು.

"ಅಜ್ಜಿ, ನಾನೇ ನಿಲ್ಲಿಸಿದ್ದು ಕಣೆ ನದೀನ. ನಂದೇ ತಪ್ಪು."

"ಹೌದಾ?" ಅಜ್ಜಿ ನಂಬದವಳಂತೆ ನೋಡಿದಳು. ಅಷ್ಟರಲ್ಲಿ ನದಿ ಅವಳಿಂದ ಮರೆಯಾಗಿತ್ತು. "ಬಿಸಿಲು ಬಂತು ನೋಡು."

ಅಲ್ಲೇ ನೆಲದ ಮೇಲೆ ಕೂತು ಮೊಮ್ಮಗಳು ಹೊಸ ಹಾಳೆಯ ಮೇಲೆ ಚೌಕವನ್ನು ಅಜ್ಜಿ ಬರೆದಿದ್ದ ಹಾಗೆ ಮತ್ತೆ ಗೀಚಿದಳು. 'ದಿನಕರ' ಮಲಗಿತು. ಆನೆ ಎದ್ದು ನಿಂತಿತು. ಆಮೇಲೆ ಫೋನು ಮಾಡಿದಳು.

"ಸರ್, ಸುಳಿವು ಸರಿಯಾಗಿದೆ. ನಾನು ಮಗುಚಿದ್ದೇ ತಪ್ಪಾಗಿದೆ. ಅಜ್ಜಿಯ ಚೌಕವನ್ನೇ ಹಾಕಿ, ಈಗ ಕಳಿಸ್ತೀನಿ."

"ಹಳೇ ಚೌಕ ಅಂತ ಓದುಗರು ಬೈತಾರಲ್ಲಮ್ಮ!"

"ಬೈಯಲಿ ಸರ್. ನನ್ನ ಹೆಸರು ಹೇಳಿ."

ಅವರು ನಕ್ಕರು. "ಆಯ್ತು, ಹಾಕ್ತೀನಿ. ಅಂಕಣಾನೂ ಇರಲಿ ಬಿಡು. ಮುಂದಿನ ವಾರದ್ದು ಯಾವಾಗ ಕೊಡ್ತಾರೆ?"

ಅವಳು ಅಜ್ಜಿಯ ಕೈ ನೋಡಿದಳು. ಅದು ಹೊದಿಕೆಯ ಅಂಚನ್ನು ಸುತ್ತುತ್ತಿತ್ತು, ಬಿಚ್ಚುತ್ತಿತ್ತು. "ಹೇಳ್ತೀನಿ ಸರ್," ಎಂದು ಫೋನು ಇಟ್ಟಳು.

ಪೆನ್ಸಿಲ್ ಹಿಡಿದು ಅಜ್ಜಿಯ ಮೊಣಕಾಲಿಗೆ ಒರಗಿದಳು.

"ನೋಡು ಅಜ್ಜಿ, ಆನೆ ಅಂದ್ರೆ ಕರಿ. ಮೇಲೆ 'ಕ'. ಅದರ ಹೊಟ್ಟೆಯಲ್ಲಿ ಕಾಡು, ವನ. ಏರ್ತಾ ಇದೆ, ಅಂದ್ರೆ 'ವ' ಕೆಳಗೆ, 'ನ' ಅದರ ಮೇಲೆ. 'ನ' ಆಗಲೇ ಬಂದು ಕಾಯ್ತಾ ಇದೆ."

"ಕಷ್ಟದ್ದು," ಎಂದಳು ಅಜ್ಜಿ ಆಸಕ್ತಿಯಿಂದ. "ಯಾರು ಕಟ್ಟಿದ್ದು?"

"ನೀನೇ."

"ಹೋಗೇ, ಸುಳ್ಳಿ!" ಅಜ್ಜಿ ಬಾಯ್ತುಂಬ ನಕ್ಕಳು. "ನನಗೆಲ್ಲಿ ಬರುತ್ತೆ ಇದೆಲ್ಲ? ಕಟ್ಟಿದವಳು ಭಾರಿ ಜಾಣೆ."

"ಹೌದು ಅಜ್ಜಿ. ಭಾರಿ ಜಾಣೆ."

ಆನೆಯ ಹೊಟ್ಟೆ ಮುಚ್ಚಲು 'ರಿ' ಬರೆದಳು. ಕ, ನ, ವ, ರಿ. ಯಾರಿಗೂ ಅಲ್ಲದ ಮಾತು ಯಾವುದೆಂದು ಆಗ ಅವಳಿಗೆ ಪೂರ್ತಿ ಕಂಡಿತು. ಕಣ್ಣು ಮಂಜಾಗಿ ಕೊನೆಯ ಮನೆ ಕಾಣದಾಯಿತು. ಒರೆಸಿಕೊಂಡು, ಕೆಲಸದ ಆರಂಭದ ಅಕ್ಷರವನ್ನು ತಡವಿ ತಡವಿ ಅದರೊಳಗೆ ಕೂರಿಸಿದಳು. ಕನವರಿಕೆ.